ಬಲಪುಟದ ತಂದೆ

ನನ್ನ ಕೆಲಸದ ಮೇಜು, ನಮ್ಮ ಊಟದ ಮೇಜು, ಎರಡೂ ಒಂದೇ. ಬಾಗಲಕೋಟೆಯ ಮನೆಯಲ್ಲಿ ಬೆಳಗಿನ ರೊಟ್ಟಿ ಮುಗಿಸಿ, ಮೇಜು ಒರೆಸಿ, ಪಸೆ ಆರಿತೇ ಎಂದು ಅಂಗೈಯಿಂದ ಮುಟ್ಟಿ ನೋಡಿ, ಆಮೇಲೆ ಪ್ರೂಫ್ ಹಾಳೆ ಹರಡುತ್ತಿದ್ದೆ. ಇಪ್ಪತ್ತಾರು ವರ್ಷ ಹೀಗೆ ನಡೆಯಿತು. ಹೋದ ವರ್ಷ ಕೆಂಪು ಪೆನ್ನನ್ನು ಕೆಳಗಿಟ್ಟೆ. ನನ್ನ ಜಾಗಕ್ಕೆ ಬಂದ ಇಬ್ಬರು ಹುಡುಗಿಯರು ಮನೆಗೆ ಬಂದು, “ಅಕ್ಕಾರ, ಈ ಕೆಲಸದಾಗ ಮೊದ್ಲ ಏನ್ ಕಲೀಬೇಕ್ರಿ?” ಎಂದು ಕೇಳಿದರು. ಚಹಾ ಕೊಟ್ಟು ಕಳಿಸಿದೆ. ಉತ್ತರ ಚಹಾ ಕುಡಿಯುವಷ್ಟು ಹೊತ್ತಿನದಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನನಗೆ ಕೆಲಸ ಕೊಟ್ಟವರು ಪ್ರೆಸ್ಸಿನ ಚನ್ನಪ್ಪಕಾಕಾ. ಕಾನ್ವೆಂಟಿನಲ್ಲಿ ಓದಿದವಳು, ಅಕ್ಷರ ದುಂಡಗಿದೆ, ಮನೆಯಲ್ಲೇ ಇರುತ್ತಾಳೆ ಎಂಬ ಮೂರು ಅರ್ಹತೆ ಸಾಕಾದವು. ಆಗ ಅಚ್ಚುಮೊಳೆಯ ಕಾಲ. ಪ್ರೂಫ್ ಹಾಳೆ ಒದ್ದೆ ಮಸಿಯ ವಾಸನೆಯೊಂದಿಗೆ ಸೈಕಲ್ ಮೇಲೆ ಬರುತ್ತಿತ್ತು. ನನ್ನ ಯಜಮಾನರು ಬ್ಯಾಂಕಿಗೆ ಹೋಗುವ ಮುನ್ನ ಅರ್ಧ ಗಂಟೆ ಹಸ್ತಪ್ರತಿಯನ್ನು ಗಟ್ಟಿಯಾಗಿ ಓದುವರು, ನಾನು ಅಚ್ಚಿನ ಸಾಲಿನ ಕೆಳಗೆ ಅಡಿಪಟ್ಟಿ ಸರಿಸುತ್ತ ಹೋಗುವೆ. ಅವರು ಅಲ್ಪವಿರಾಮ, ಪೂರ್ಣವಿರಾಮಗಳನ್ನೂ ಬಾಯಿಬಿಟ್ಟು ಓದಬೇಕು. ಪಾತ್ರೆ ತೊಳೆಯುವ ಗಂಗವ್ವ ಒಂದು ದಿನ ಕೇಳಿದಳು: “ಸಾಹೇಬ್ರು ದಿನಾ ಅದ್ಯಾವ ಮಂತ್ರ ಹೇಳ್ತಾರ್ರಿ? ಅಲ್ಪವಿರಾಮ ಅಲ್ಪವಿರಾಮ ಅಂತ?”

ಶುರುವಿನಲ್ಲೇ ಒಂದು ಲಗ್ನಪತ್ರಿಕೆ ಕೆಡಿಸಿದೆ. ಕರಡಿನಲ್ಲಿದ್ದ ತಾರೀಖು ಶುಕ್ರವಾರ ಬೀಳುತ್ತಿತ್ತು, ವಾರ ಮಾತ್ರ ಗುರುವಾರ ಎಂದಿತ್ತು. ಕ್ಯಾಲೆಂಡರ್ ನೋಡಿ ವಾರವನ್ನು ತಿದ್ದಿದೆ. ತಪ್ಪಿದ್ದು ತಾರೀಖು! ಹಂಚುವ ಮೊದಲೇ ಗೊತ್ತಾಗಿದ್ದರಿಂದ ಬದುಕಿದೆ. ಕಾಕಾ ಬೈಯಲಿಲ್ಲ. ಕನ್ನಡಕವನ್ನು ಹಣೆಗೇರಿಸಿ ಹೇಳಿದರು: “ಅಕ್ಕಾರ, ತಪ್ಪ ಕಂಡ್ರ ಬಾಜೂಕ ಒಂದು ಪ್ರಶ್ನೆ ಹಾಕ್ರಿ. ಉತ್ತರ ನೀವ ಬರೀಬ್ಯಾಡ್ರಿ. ಉತ್ತರ ಬರಿಯಾಂವ ಬ್ಯಾರೆ ಅದಾನ.” ಬರೆದವರ ಸಹಿ ಬೀಳದೆ ಯಾವ ಪುಟವೂ ಅಚ್ಚಿಗೆ ಹೋಗಬಾರದು ಎಂಬುದು ಅವರ ಇನ್ನೊಂದು ನಿಯಮ.

ಮೊಳೆ ಹೋಗಿ ಕಂಪ್ಯೂಟರ್ ಬಂತು. ಆಮೇಲೆ ಪ್ರೂಫ್ ಫೋನಿಗೇ ಬರತೊಡಗಿತು. ಕೆಲಸ ಬೇಗ ಆಗುವುದು ನಿಜ. ಆದರೆ ಸಹಿ ಹಾಕುವ ಜಾಗದಲ್ಲಿ ಒಂದು ಹೆಬ್ಬೆರಳಿನ ಚಿತ್ರ ಬಂದು ಕೂತಿತು, ನಿಯಮ ಸಡಿಲಾಯಿತು. ನಾನೂ ಸಡಿಲಾದೆ. ಇಷ್ಟು ವರ್ಷ ನೋಡಿದ್ದೇನೆ, ಇನ್ನು ನನ್ನ ಕಣ್ಣು ತಪ್ಪಲಾರದು ಎಂಬ ಧೈರ್ಯ. ಆ ಧೈರ್ಯದ ದಿನಗಳಲ್ಲೇ ಇಳಕಲ್ಲಿನ ದಸ್ತಗೀರ ಮಾಸ್ತರರ ಪುಸ್ತಕ ಬಂದದ್ದು.

ಮಾಸ್ತರರು ಹುನಗುಂದ ತಾಲೂಕಿನ ಶಾಲೆಗಳಲ್ಲಿ ಕನ್ನಡ ಕಲಿಸಿ ನಿವೃತ್ತರಾದವರು. ಅಣ್ಣಂದಿರು ಬಾವಿಗೆ ಹಾಕಿದ, ಪರದೇಶಕ್ಕೆ ಮಾರಾಟವಾಗಿ ಹೋದ ಮುದ್ದಿನ ಮಗನ ಕಥೆಯನ್ನು ಅವರು ಎರಡು ಗ್ರಂಥಗಳಿಂದ ತೆಗೆದು ಎದುರುಬದುರು ಇಟ್ಟಿದ್ದರು. ಎಡಪುಟದಲ್ಲಿ ಯೆಹೂದ್ಯರ ಧರ್ಮಗ್ರಂಥದ, ಅಂದರೆ ಬೈಬಲ್ಲಿನಲ್ಲಿ ಕ್ರೈಸ್ತರೂ ಓದುವ ಆದಿಕಾಂಡದ ಯೋಸೇಫ. ಬಲಪುಟದಲ್ಲಿ ಕುರಾನಿನ ಯೂಸುಫ್. ಒಂದೊಂದು ಪ್ರಸಂಗಕ್ಕೆ ಒಂದೊಂದು ಜೋಡಿ ಪುಟ. ಸಕ್ಕರೆ ರೋಗದಿಂದ ಅವರ ದೃಷ್ಟಿ ಮಂಕಾಗಿತ್ತು. ಅವರು ಹೇಳಿದ್ದನ್ನು ಮಗಳು ಶಬಾನಾ ಬರೆದುಕೊಂಡಿದ್ದಳು.

ಹಸ್ತಪ್ರತಿ ಕೊಡಲು ಅಪ್ಪ ಮಗಳು ಇಬ್ಬರೂ ನಮ್ಮ ಮನೆಗೇ ಬಂದಿದ್ದರು. ಮಾಸ್ತರರು ಕಟ್ಟನ್ನು ಮೇಜಿನ ಮೇಲಿಟ್ಟು ಅದರ ಮೇಲೆ ಕೈ ಇಟ್ಟುಕೊಂಡೇ ಮಾತಾಡಿದರು. “ಅಕ್ಕಾರ, ಇದನ್ನ ಓದೋ ದಿನ ನಮ್ಮ ಅಣ್ಣ ಬಾದಾಮಿಯಿಂದ ಬರ್ತಾನ. ಐವತ್ತು ವರ್ಷ ಆತು, ಒಂದ ಸೂರಿನ ಕೆಳಗ ಇಬ್ರೂ ಕುಂತಿಲ್ಲ. ನನ್ನ ಬಾಯಿಂದ ಹೇಳಾಕ ಬರೂದಿಲ್ಲ, ಪುಸ್ತಕ ಹೇಳಲಿ ಅಂತ ಬರ್ದೀನಿ. ನನಗ ಕಣ್ಣಿಲ್ಲ, ನೀವ ನನ್ನ ಕಣ್ಣು.”

“ಬಿಡ್ರಿ ಮಾಸ್ತರ್ರ, ನಾ ನೋಡ್ಕೋತೀನಿ,” ಎಂದೆ. ಎಷ್ಟು ಹಗುರಾಗಿ ಅಂದೆನೋ!

ಈ ಕಥೆ ನನಗೆ ಬಾಯಿಪಾಠ ಎಂಬುದೇ ಮುಂದಿನ ಅನಾಹುತಕ್ಕೆ ಮೂಲ. ನಾಲ್ಕನೆಯ ಇಯತ್ತೆಯಲ್ಲಿ ಕಾನ್ವೆಂಟಿನ ಸಿಸ್ಟರ್ ಒಬ್ಬರು ಉಣ್ಣೆಬಟ್ಟೆ ಹೊದಿಸಿದ ಹಲಗೆಯ ಮೇಲೆ ಬೊಂಬೆ ಅಂಟಿಸಿ ಈ ಕಥೆ ಹೇಳುತ್ತಿದ್ದರು. ತಂದೆ ಕೊಟ್ಟ ಬಣ್ಣಬಣ್ಣದ ನಿಲುವಂಗಿಗೆ ಪಟ್ಟಿ ಅಂಟಿಸುವ ಕೆಲಸ ನನ್ನದು. ಕೊನೆಯ ಪಟ್ಟಿ ನೇರಳೆ ಬಣ್ಣದ್ದು. ಅಣ್ಣಂದಿರು ಅದಕ್ಕೆ ಹಚ್ಚಿದ ಆಡಿನ ರಕ್ತಕ್ಕೆ ಕೆಂಪು ಚುಕ್ಕೆಯನ್ನೂ ನಾನೇ ಇಟ್ಟಿದ್ದೆ.

ಹಾಗಾಗಿ ಪ್ರೂಫ್ ನೋಡುವಾಗ ಎಡಪುಟ ಓದಿ ತಲೆಯಾಡಿಸುತ್ತಿದ್ದೆ, ಬಲಪುಟ ಓದಿ ಹುಬ್ಬು ಗಂಟಿಕ್ಕುತ್ತಿದ್ದೆ. ಎಡಕ್ಕೆ ಎರಡು ಕನಸು, ಬಲಕ್ಕೆ ಒಂದೇ. ಎಡಕ್ಕೆ ಆ ಪರದೇಶದ ದೊರೆಗೆ ಫರೋಹ ಎಂಬ ಬಿರುದು, ಬಲಕ್ಕೆ ಬರೀ ರಾಜ. ಎಡಕ್ಕೆ ಹೆಂಗಸಿನ ಕೈಯಲ್ಲಿ ಉಳಿದ ಬಟ್ಟೆ, ಬಲಕ್ಕೆ ಬೆನ್ನ ಹಿಂದೆ ಹರಿದ ಅಂಗಿ. ನಮ್ಮ ಕೆಲಸದಲ್ಲಿ ಒಂದು ಚಟ ಹತ್ತುತ್ತದೆ: ಒಂದು ಪುಸ್ತಕದಲ್ಲಿ ಒಂದು ಸಂಗತಿ ಎಲ್ಲ ಕಡೆಯೂ ಒಂದೇ ಥರ ಇರಬೇಕು. ಕಣ್ಣಿಲ್ಲದ ಮುದುಕರು, ಹೇಳಿ ಬರೆಸಿದ್ದಾರೆ, ಅಲ್ಲಲ್ಲಿ ಮರೆತಿದ್ದಾರೆ ಎಂದುಕೊಂಡು ನಾಲ್ಕು ಬಲಪುಟಗಳನ್ನು ಎಡಪುಟದ ಅಳತೆಗೆ ತಿದ್ದಿಬಿಟ್ಟೆ. ಅಂಚಿನಲ್ಲಿ ಒಂದು ಪ್ರಶ್ನೆಯನ್ನೂ ಹಾಕಲಿಲ್ಲ. ಶಬಾನಾಳಿಗೆ ಎರಡನೆಯ ಪ್ರೂಫ್ ಕಳಿಸಲೇ ಎಂದು ಕಾಕಾ ಕೇಳಿದಾಗ, “ಬ್ಯಾಡ್ರಿ ಕಾಕಾ, ನಾ ನೋಡೀನಲ್ಲ,” ಎಂದೆ.

ಇನ್ನೂರು ಪ್ರತಿ ಅಚ್ಚಾಗಿ, ನಡುವೆ ಪಿನ್ನು ಹೊಡೆದು ಸಿದ್ಧವಾದವು. ಒಂದು ಪ್ರತಿ ಇಳಕಲ್ಲಿಗೆ ಹೋಯಿತು. ಓದುವ ಕಾರ್ಯಕ್ರಮ ಭಾನುವಾರ. ಬುಧವಾರ ಮಧ್ಯಾಹ್ನ ಶಬಾನಾಳ ಫೋನು.

“ಅಕ್ಕಾರ, ಅಬ್ಬಾಗ ಓದಿ ಹೇಳಾಕತ್ತಿದ್ದೆ. ತೋಳದ ಪುಟಕ್ಕ ಬಂದಕೂಡ್ಲೇ ನಿಲ್ಲಸು ಅಂದ್ರು. ಮತ್ತೊಮ್ಮೆ ಓದಿಸಿದ್ರು. ‘ಇದು ನಾ ಹೇಳಿದ್ದಲ್ಲ’ ಅಂದವ್ರು ಎದ್ದು ಒಳಗ ಹೋದ್ರು. ಊಟಾನೂ ಮಾಡವಲ್ರು.”

“ತೋಳದ ಪುಟದಾಗ ಏನಾಗೇದವ್ವ?”

“ಯೂಸುಫರ ತಂದಿ, ನಮ್ಮ ಯಾಕೂಬ್ ಪೈಗಂಬರ್ರು, ಮಗನ್ನ ತೋಳ ತಿಂತು ಅನ್ನೋ ಸುಳ್ಳು ನಂಬಿಬಿಟ್ಟಾರ್ರಿ ಅಕ್ಕಾರ. ಅವ್ರು ನಂಬೂದಿಲ್ರಿ.”

ಹಸ್ತಪ್ರತಿ ತೆಗೆದು ನೋಡಿದೆ. ಶಬಾನಾಳ ಅಚ್ಚುಕಟ್ಟಾದ ಅಕ್ಷರದಲ್ಲಿ ಎಲ್ಲ ಸರಿಯಾಗಿಯೇ ಇತ್ತು. ಕೆಂಪು ಗೆರೆ ಇದ್ದದ್ದು ನನ್ನ ಪ್ರೂಫಿನ ಮೇಲೆ. ರೊಟ್ಟಿ ಹಂಚಿನ ಮೇಲಿತ್ತೆಂಬುದು ಸುಟ್ಟ ವಾಸನೆ ಬಂದಾಗಲೇ ನೆನಪಾದದ್ದು.

ಪ್ರೆಸ್ಸಿಗೆ ಹೋಗಿ ಕಾಕಾಗೆ ಹೇಳಿದೆ. ಕಾಕಾ ಪ್ರತಿಗಳ ಕಟ್ಟನ್ನು ಬದಿಗೆ ಸರಿಸಿದರು. “ಇದಕ್ಕ ನಾ ಏನೂ ಮಾಡಾಕ ಬರೂದಿಲ್ಲ. ಇಳಕಲ್ಲಿಗೆ ನೀವ ಹೋಗ್ರಿ. ಅವ್ರ ಬಾಯಿಂದ ಕೇಳಿ, ಒಂದೊಂದ ಸಾಲು ಮಾಡ್ಕೊಂಡು ಬರ್ರಿ. ಈ ಸರ್ತಿ ಸಹಿ ಬೇಕು.”

ಗುರುವಾರ ಬೆಳಿಗ್ಗೆ, ಕಾನ್ವೆಂಟಿನಲ್ಲಿ ಬಹುಮಾನವಾಗಿ ಬಂದಿದ್ದ ನನ್ನ ಹಳೆಯ ಕನ್ನಡ ಬೈಬಲ್ಲನ್ನು ಚೀಲದಲ್ಲಿಟ್ಟುಕೊಂಡು ಬಸ್ಸು ಹತ್ತಿದೆ. ಹುನಗುಂದ ದಾಟುವವರೆಗೆ ಕ್ಷಮೆ ಕೇಳುವ ಮಾತನ್ನು ಐದಾರು ರೀತಿ ಹೊಂದಿಸಿದ್ದೆ. ಮನೆಯ ಹೊಸ್ತಿಲು ದಾಟುವಾಗ ಒಂದೂ ನೆನಪಿರಲಿಲ್ಲ.

“ಮಾಸ್ತರ್ರ, ತಪ್ಪು ನಂದು,” ಎಂದಷ್ಟೇ ಹೇಳಿದೆ.

ಮಾಸ್ತರರು ಚಾಪೆಯನ್ನು ತಡವಿ ನನ್ನ ಕಡೆ ಸರಿಸಿದರು. ಆಮೇಲೆ, “ಕುಂದರ್ರಿ ಅಕ್ಕಾರ. ನಿಮಗ ಮೊದ್ಲ ಒಂದು ಮಾತು ಹೇಳಬೇಕಾಗಿತ್ತು, ಹೇಳಿದ್ದಿಲ್ಲ,” ಎಂದು ಶುರು ಮಾಡಿದರು.

ಅವರ ತಂದೆ ಸೀರೆ ನೇಯುವವರು. ಒಂದು ದಿನ ಮಗ್ಗದ ಮೇಲಿದ್ದ ಹಾಸನ್ನು, ಉದ್ದಕ್ಕೆ ಬಿಗಿದ ಎಳೆಗಳನ್ನು, ಯಾರೋ ಅರ್ಧದವರೆಗೆ ಕತ್ತರಿಸಿದ್ದರು. ಕತ್ತರಿಸಿದವನು ಅಣ್ಣ ಹುಸೇನಸಾಬ. ತಮ್ಮನನ್ನು ಶಾಲೆಗೆ ಕಳಿಸಿ ತನ್ನನ್ನು ಮಗ್ಗಕ್ಕೆ ಕೂಡಿಸಿದ್ದಾರೆಂಬ ಸಿಟ್ಟು. ‘ದಸ್ತೂ ಕತ್ತರಿಸಿದ’ ಎಂದು ತಂದೆಗೆ ಹೇಳಿದ. ತಂದೆ ಏನೂ ಅನ್ನಲಿಲ್ಲ. ಆ ಮೌನವನ್ನು ನೋಡಿ ಹದಿನಾಲ್ಕರ ದಸ್ತಗೀರ ಬಾಗಲಕೋಟೆಯ ಸೋದರತ್ತೆಯ ಮನೆಗೆ ಹೊರಟುಹೋದ. ಎರಡು ವರ್ಷಕ್ಕೆ ತಂದೆ ತೀರಿಕೊಂಡರು.

“ಅಬ್ಬಾ ಅದನ್ನ ನಂಬಿಕೊಂಡ ಹೋದ,” ಎಂದರು ಮಾಸ್ತರರು. “ನನ್ನ ತಂದಿ ನಿಮ್ಮ ಎಡಪುಟದ ತಂದಿ. ನನಗ ಬಲಪುಟದಾಂವ ಬೇಕಾಗಿದ್ದ. ನೀವು ಅವನ್ನೂ ತಗದಬಿಟ್ರಿ.”

ಶಬಾನಾ ಚಹಾ ಇಟ್ಟು ಹೋದಳು. ಅದರ ಮೇಲೆ ಕೆನೆ ಕಟ್ಟುವವರೆಗೂ ನಾನು ಕಪ್ಪು ಮುಟ್ಟಲಿಲ್ಲ. ಆಮೇಲೆ ಬೈಬಲ್ ತೆರೆದೆ. “ಮೊದಲಿಂದ ಹೇಳ್ರಿ. ನಾ ಎಡಕಿನದು ಓದ್ತೀನಿ, ನೀವು ಬಲಕಿನದು ಹೇಳ್ರಿ.”

ಆ ದಿನದಷ್ಟು ನಿಧಾನವಾಗಿ ನಾನು ಯಾವ ಪುಸ್ತಕವನ್ನೂ ನೋಡಿಲ್ಲ. ನಾನೊಂದು ಪ್ರಸಂಗ ಓದುವೆ. ಅವರು ಕಣ್ಣು ಮುಚ್ಚಿ ಅದರ ಅರಬ್ಬಿ ವಾಕ್ಯವನ್ನು ಮೆಲ್ಲಗೆ ಅಂದು, ಅರ್ಥವನ್ನು ಕನ್ನಡದಲ್ಲಿ ಹೇಳುವರು.

ಆದಿಕಾಂಡದ ಯೋಸೇಫನಿಗೆ ಎರಡು ಕನಸು: ಅಣ್ಣಂದಿರ ತೆನೆಯ ಸಿವುಡುಗಳು ತನ್ನ ಸಿವುಡಿಗೆ ಅಡ್ಡಬಿದ್ದದ್ದು, ಸೂರ್ಯ ಚಂದ್ರ ಮತ್ತು ಹನ್ನೊಂದು ನಕ್ಷತ್ರಗಳು ತನಗೆ ಅಡ್ಡಬಿದ್ದದ್ದು. ಎರಡನ್ನೂ ಅಣ್ಣಂದಿರ ಮುಂದೆ ಹೇಳಿಕೊಳ್ಳುತ್ತಾನೆ, ಎರಡನೆಯದಕ್ಕೆ ತಂದೆಯೂ ಗದರುತ್ತಾನೆ. ಕುರಾನಿನಲ್ಲಿ ನಕ್ಷತ್ರಗಳ ಕನಸೊಂದೇ. ತಂದೆಗೆ ಹೇಳುತ್ತಾನೆ. ಅಣ್ಣಂದಿರಿಗೆ ಹೇಳಬೇಡ, ಸಂಚು ಮಾಡಿಯಾರು ಎಂದು ತಂದೆಯೇ ಎಚ್ಚರಿಸುತ್ತಾನೆ. ಆದಿಕಾಂಡದಲ್ಲಿ ಕುರಿ ಮೇಯಿಸುವ ಅಣ್ಣಂದಿರ ಕ್ಷೇಮ ನೋಡಿಕೊಂಡು ಬಾ ಎಂದು ಮಗನನ್ನು ಕಳಿಸುವವನು ತಂದೆ. ಕುರಾನಿನಲ್ಲಿ ಆಡಿಸಿಕೊಂಡು ಬರುತ್ತೇವೆ ಎಂದು ಕಾಡಿ ಬೇಡಿ ಕರೆದೊಯ್ಯುವವರು ಅಣ್ಣಂದಿರು. ತೋಳ ತಿಂದೀತು ಎಂದು ತಂದೆ ಮೊದಲೇ ಹೆದರಿರುತ್ತಾನೆ. ಅದೇ ತೋಳವನ್ನು ಅವರು ಸುಳ್ಳಿಗೆ ಬಳಸಿಕೊಳ್ಳುತ್ತಾರೆ.

“ಮಾರಿದವರು ಯಾರ್ರಿ?” ಎಂದೆ. “ನನ್ನದರಾಗ ಇಪ್ಪತ್ತು ಬೆಳ್ಳಿ ನಾಣ್ಯ. ಮಾರೋಣ ಅಂತ ಹೇಳಿದಾಂವ ಅಣ್ಣಂದಿರಾಗ ಒಬ್ಬ, ಯೆಹೂದ. ಆದರ ಬಾವಿಯಿಂದ ಎತ್ತೋ ಹೊತ್ತಿಗೆ ಮಿದ್ಯಾನ್ಯ ವ್ಯಾಪಾರಿಗಳೂ ಬರ್ತಾರ, ಇಷ್ಮಾಯೇಲ್ಯರೂ ಬರ್ತಾರ.”

“ನಮ್ಮದರಾಗ ನೀರಿಗೆ ಬಂದ ವ್ಯಾಪಾರಿಗಳ ಕಾಫಿಲಾದಾಂವ ಕೊಡಾ ಬಿಟ್ಟಾಗ ಹುಡುಗ ಸಿಗ್ತಾನ. ಆಮ್ಯಾಲೆ ‘ಅಗ್ಗಕ್ಕ ಮಾರಿದರು, ಕೆಲವ ದಿರ್ಹಮ್’ ಅಂತ ಐತಿ. ಅಣ್ಣಂದಿರು ಮಾರಿದ್ರು ಅಂತ ಕೆಲವು ವ್ಯಾಖ್ಯಾನಕಾರರು, ಕಾಫಿಲಾದವರು ಅಂತ ಕೆಲವರು. ಎರಡೂ ಇರಲಿ, ನಾವು ತೀರ್ಪು ಕೊಡೋದು ಬ್ಯಾಡ.”

“ನನ್ನದರಾಗ ಮುಂದ ಯೋಸೇಫನ ಬಾಯಿಂದನ ‘ನೀವು ಮಾರಿದ ತಮ್ಮ ನಾನು’ ಅಂತ ಬರ್ತದ.”

“ಹಾಂ, ಅದನ್ನ ಎಡಕ್ಕ ಬರೀರಿ.”

ಇನ್ನು ತೋಳದ ಪುಟ. ಆದಿಕಾಂಡದಲ್ಲಿ ನಿಲುವಂಗಿಯನ್ನು ಆಡಿನ ರಕ್ತದಲ್ಲಿ ಅದ್ದಿ ತಂದು, ಇದು ನಿನ್ನ ಮಗನದೋ ನೋಡು ಎನ್ನುತ್ತಾರೆ. ತಂದೆ ಯಾಕೋಬ ಗುರುತಿಸುತ್ತಾನೆ, ದುಷ್ಟಮೃಗ ತಿಂದಿತು ಎಂದು ತಾನೇ ಹೇಳುತ್ತಾನೆ, ಬಟ್ಟೆ ಹರಿದುಕೊಳ್ಳುತ್ತಾನೆ, ಯಾರ ಸಮಾಧಾನವನ್ನೂ ಒಪ್ಪುವುದಿಲ್ಲ. ಕುರಾನಿನ ಯಾಕೂಬ್ ಸುಳ್ಳು ರಕ್ತದ ಅಂಗಿ ನೋಡಿ, ಇಲ್ಲ, ನಿಮ್ಮ ಮನಸ್ಸೇ ನಿಮಗೊಂದು ಕಟ್ಟಿಕೊಟ್ಟಿದೆ, ನನಗಿನ್ನು ಸೊಗಸಾದ ತಾಳ್ಮೆಯೊಂದೇ ಎನ್ನುತ್ತಾನೆ.

“ಅಂಗಿ ಎಲ್ಲೂ ಹರಿದಿದ್ದಿಲ್ಲ ಅಂತ ಎಲ್ಲೋ ಕೇಳೀನ್ರಿ. ಹಾಕ್ಲೇನು?” ನನಗೆ ಬಟ್ಟೆಯ ವಿವರವೆಂದರೆ ಬಿಡಲು ಮನಸ್ಸಾಗುವುದಿಲ್ಲ.

ಮಾಸ್ತರರು ಮೊದಲ ಸಲ ನಕ್ಕರು. “ಮತ್ತ ತಿದ್ದಾಕ ಹೊಂಟ್ರಿ! ಅದು ವ್ಯಾಖ್ಯಾನದ ಮಾತು ಅಕ್ಕಾರ. ಎಂಥಾ ಜಾಣ ತೋಳ, ಹುಡುಗನ್ನ ತಿಂದು ಅಂಗಿ ಹಂಗ ಬಿಟ್ಟೇತಿ ಅಂತ ಯಾಕೂಬ್ ಅಂದ್ರಂತ. ಗ್ರಂಥದಾಗಿಲ್ಲ. ಅಡಿಟಿಪ್ಪಣಿಗೆ ಹಾಕ್ರಿ, ಮೂಲಕ್ಕ ಬ್ಯಾಡ.”

ಅವನನ್ನು ಕೊಂಡವನ ಹೆಂಡತಿ ಅವನಿಗೆ ಮನಸೋತು ಹಿಂದೆ ಬಿದ್ದ ಪ್ರಸಂಗದಲ್ಲಿ ಎರಡು ಬಟ್ಟೆಗಳೂ ಎರಡು ಸಾಕ್ಷಿ ಹೇಳುತ್ತವೆ. ಆದಿಕಾಂಡದಲ್ಲಿ ಅವಳ ಕೈಯಲ್ಲಿ ಉಳಿದ ಬಟ್ಟೆ ಅವನ ವಿರುದ್ಧ ಸುಳ್ಳು ಸಾಕ್ಷಿಯಾಗಿ ಅವನನ್ನು ಸೆರೆಮನೆಗೆ ಹಾಕುತ್ತದೆ. ಕುರಾನಿನಲ್ಲಿ ಇಬ್ಬರೂ ಬಾಗಿಲಿಗೆ ಓಡುತ್ತಾರೆ, ಅವಳು ಹಿಂದಿನಿಂದ ಎಳೆದು ಅಂಗಿ ಹರಿಯುತ್ತದೆ, ಗಂಡ ಬಾಗಿಲಲ್ಲೇ ಸಿಗುತ್ತಾನೆ. ಮುಂದೆ ಹರಿದಿದ್ದರೆ ಅವಳ ಮಾತು ನಿಜ, ಹಿಂದೆ ಹರಿದಿದ್ದರೆ ಅವನದು ನಿಜ ಎಂದು ಅವಳ ಮನೆಯವನೇ ಒಬ್ಬ ಹೇಳುತ್ತಾನೆ. ನಿರಪರಾಧಿ ಎಂದು ಗೊತ್ತಾದ ಮೇಲೂ ಸೆರೆ ತಪ್ಪುವುದಿಲ್ಲ. ಹಾಗಾಗಿಯೇ ಮುಂದೆ ರಾಜ ಕರೆಸಿದಾಗ, ತನ್ನ ಚೆಲುವು ಕಂಡು ಮೈಮರೆತು ಚಾಕುವಿನಿಂದ ಕೈ ಕೊಯ್ದುಕೊಂಡಿದ್ದ ಊರಿನ ಹೆಂಗಸರನ್ನು ಮೊದಲು ವಿಚಾರಿಸಿ ಎಂದು ಯೂಸುಫ್ ಹೊರಬರದೆ ಕೂರುತ್ತಾನೆ. ಆದಿಕಾಂಡದ ಯೋಸೇಫ ಕ್ಷೌರ ಮಾಡಿಸಿಕೊಂಡು, ಬಟ್ಟೆ ಬದಲಿಸಿ ಫರೋಹನ ಮುಂದೆ ಹೋಗುತ್ತಾನೆ.

“ರಾಜ ಅನ್ನೋದನ್ನ ಫರೋಹ ಮಾಡೀರಿ,” ಎಂದರು. “ನಮ್ಮ ಗ್ರಂಥ ಯೂಸುಫರ ಕಾಲದಾಂವಗ ರಾಜ ಅಂತನ ಅಂತೈತಿ. ನಿಮ್ಮ ಫರೋಹ, ನಮ್ಮ ಫಿರ್ಔನ್ ಅನ್ನೋದು ಎಷ್ಟೋ ಕಾಲದ ಮ್ಯಾಲೆ ಬಂದ ಮೂಸಾ ಪೈಗಂಬರ್ರ ಕಾಲದಾಂವಗ.”

ಕೊನೆಯ ಜೋಡಿ ಪುಟಗಳನ್ನು ಪುಣ್ಯಕ್ಕೆ ನಾನು ಮುಟ್ಟಿರಲಿಲ್ಲ. ಬರಗಾಲದಲ್ಲಿ ಅಣ್ಣಂದಿರು ಧಾನ್ಯಕ್ಕೆ ಬಂದಾಗ ಅವನೇ ಅಲ್ಲಿನ ಅಧಿಕಾರಿ, ಅವರಿಗೆ ಗುರುತಿಲ್ಲ. ಎಡಕ್ಕೆ ಯೆಹೂದನ ಮಾತು: ಹಿಡಿದಿಟ್ಟ ಕಿರಿಯ ತಮ್ಮ ಬೆನ್ಯಾಮೀನನ ಬದಲು ನನ್ನನ್ನು ಆಳಾಗಿ ಇಟ್ಟುಕೋ, ಹುಡುಗನಿಲ್ಲದೆ ತಂದೆಯ ಮುಖ ಹೇಗೆ ನೋಡಲಿ ಎಂದು ಬೇಡುತ್ತಾನೆ. ಅದನ್ನು ಕೇಳಿ ಯೋಸೇಫ ತಡೆಯಲಾರದೆ ಗಟ್ಟಿಯಾಗಿ ಅಳುತ್ತಾನೆ. ಮಗ ಬದುಕಿದ್ದಾನೆಂಬ ಸುದ್ದಿಗೆ ಯಾಕೋಬನ ಎದೆ ಮರಗಟ್ಟುತ್ತದೆ, ಕಳಿಸಿದ ಬಂಡಿಗಳನ್ನು ನೋಡಿದ ಮೇಲೆ ಜೀವ ಬರುತ್ತದೆ. ಬಲಕ್ಕೆ, ದುಃಖದಿಂದ ಕಣ್ಣು ಬೆಳ್ಳಗಾದ ಯಾಕೂಬ್. ಯೂಸುಫ್ ತನ್ನ ಅಂಗಿ ಕಳಿಸುತ್ತಾನೆ. ಕಾಫಿಲಾ ಅತ್ತ ಹೊರಟಾಗಲೇ ಇತ್ತ ತಂದೆಗೆ ಮಗನ ವಾಸನೆ ಬರುತ್ತದೆ, ಅಂಗಿ ಮುಖದ ಮೇಲೆ ಹಾಕಿದಾಗ ಕಣ್ಣು ಬರುತ್ತದೆ. ರಕ್ತ ಹಚ್ಚಿದ್ದು, ಬೆನ್ನಿಗೆ ಹರಿದದ್ದು, ಕಣ್ಣು ಕೊಟ್ಟದ್ದು: ಬಲಪುಟದಲ್ಲಿ ಮೂರು ಸಲ ಅಂಗಿ ಬರುತ್ತದೆಂದು ಅಲ್ಲಿ ಕೂತಾಗಲೇ ನನಗೆ ಹೊಳೆದದ್ದು. ಎರಡನೆಯ ಅಂಗಿಯನ್ನು ನಾನೇ ಕಿತ್ತು ಹಾಕಿದ್ದೆ.

ಮಾಸ್ತರರ ಬೆರಳನ್ನು ಶಬಾನಾ ಹಾಳೆಯ ತುದಿಗೆ ಮುಟ್ಟಿಸಿದಳು. ನಾಲ್ಕು ಸಹಿ ಹಾಕಿದರು.

ಪುಸ್ತಕದ ಹಾಳೆಯ ಮುಂಬದಿ ಬಲಪುಟ, ಅದರ ಬೆನ್ನಿಗೆ ಮುಂದಿನ ಪ್ರಸಂಗದ ಎಡಪುಟ. ಒಂದು ಪುಟ ಬದಲಿಸಬೇಕೆಂದರೆ ಇಡೀ ಹಾಳೆಯನ್ನೇ ಬದಲಿಸಬೇಕು. ಶುಕ್ರವಾರ ಕಾಕಾ ನಾಲ್ಕು ಹಾಳೆ ಹೊಸದಾಗಿ ಅಚ್ಚು ಹಾಕಿಸಿದರು. ಶನಿವಾರ ನನ್ನ ಊಟದ ಮೇಜಿನ ಮೇಲೆ ಕೆಲಸ. ಹಳೆಯ ಹಾಳೆಯನ್ನು ಪಿನ್ನಿನ ಬಳಿ ಬೆರಳಗಲ ಅಂಚು ಬಿಟ್ಟು ಕೊಯ್ಯಬೇಕು. ಪೂರ್ತಿ ಕೊಯ್ದರೆ ಅದರ ಜೋಡಿ ಹಾಳೆ ಆ ಕಡೆ ಕಳಚಿಕೊಳ್ಳುತ್ತದೆ. ಉಳಿದ ಅಂಚಿಗೆ ಮೈದಾ ಅಂಟು ತೆಳುವಾಗಿ ಸವರಿ ಹೊಸದನ್ನು ಕೂಡಿಸಿ, ಮೇಲೆ ಭಾರ ಇಡಬೇಕು. ಯಜಮಾನರು ಕೊಯ್ದರು, ನಾನು ಅಂಟಿಸಿದೆ, ಗಂಗವ್ವ ಒತ್ತಿದಳು. ಹತ್ತಿರಹತ್ತಿರ ಎಂಟುನೂರು ಹಾಳೆ. ಒರಳುಕಲ್ಲಿನ ಗುಂಡೂ ಅವತ್ತು ಪುಸ್ತಕದ ಮೇಲೇ ಇತ್ತು, ಚಟ್ನಿ ಮಾಡಲಾಗಲಿಲ್ಲ.

ಭಾನುವಾರ ಬೆಳಿಗ್ಗೆ ಮಾಸ್ತರರ ಮನೆಯಂಗಳದಲ್ಲಿ ಚಾಪೆ ಹಾಸಿದ್ದರು. ಬಂಧುಗಳು, ಹಳೆಯ ವಿದ್ಯಾರ್ಥಿಗಳು ಸೇರಿ ಮೂವತ್ತು ಮಂದಿ. ಹುಸೇನಸಾಬರು ಕೊನೆಗೆ ಬಂದು ಬಾಗಿಲ ಹತ್ತಿರವೇ ಕೂತರು. ಬಿಳಿ ಟೊಪ್ಪಿಗೆ, ಇಸ್ತ್ರಿಯ ಜುಬ್ಬಾ, ಎಡಗೈಯಲ್ಲಿ ಕೋಲು. ತಮ್ಮನ ಕಡೆ ನೋಡಲಿಲ್ಲ. ಯಾರೋ ಅವರ ಕೈಗೂ ಒಂದು ಪ್ರತಿ ಕೊಟ್ಟರು.

ಶಬಾನಾ ಓದಿದಳು, ಒಂದು ಎಡಪುಟ, ಒಂದು ಬಲಪುಟ. ತೋಳದ ಪುಟ ಬಂತು. ಯಾಕೋಬ ನಂಬಿದ, ಬಟ್ಟೆ ಹರಿದುಕೊಂಡ. ಮಗ್ಗುಲಲ್ಲಿ ಯಾಕೂಬ್ ನಂಬಲಿಲ್ಲ.

“ಮತ್ತೊಮ್ಮೆ ಓದವ್ವಾ,” ಎಂಬ ಮಾತು ಬಾಗಿಲ ಕಡೆಯಿಂದ ಬಂತು. ಹುಸೇನಸಾಬರು. ಅವಳು ಮತ್ತೆ ಓದಿದಳು.

“ದಸ್ತೂ,” ಎಂದರು ಅವರು. ನಾನೊಬ್ಬಳು ಹೊರಗಿನವಳು ಇದ್ದೆನೆಂದೋ ಏನೋ, ಕನ್ನಡದಲ್ಲೇ ಆಡಿದರು. “ಅಬ್ಬಾಗ ಗೊತ್ತಿತ್ತಲೇ.”

ಮಾಸ್ತರರ ಮುಖ ಆ ದನಿಯ ಕಡೆ ತಿರುಗಿತು.

“ಆ ದಿನಾನ ಗೊತ್ತಾಗಿತ್ತು. ಕತ್ತರಿಸಿದ ಎಳಿ ಹಿಡ್ಕೊಂಡು ನೋಡಿದ. ಎಡಕಿನ ಅಂಚಿಂದ ಶುರುವಾಗಿತ್ತು. ಮನಿಯಾಗ ಎಡಚ ನಾನೊಬ್ಬನ. ನನ್ನ ಎಡಗೈ ನೋಡಿದ. ‘ನೀ ಕಟ್ಟಿದ ಮಾತು ಇದು’ ಅಂದ, ಅಷ್ಟ. ನಿನ್ನ ಕರಕೊಂಡ ಬರಾಕ ಹೊಂಟಿದ್ದ. ಅಲ್ಲಿ ಸಾಲಿಗೆ ಹಚ್ಯಾರ, ಹುಡುಗ ಪಾಸಾಗಾಕತ್ತಾನ ಅಂತ ಅತ್ತಿ ಹೇಳಿ ಕಳಿಸಿದ್ಲು. ‘ಓದಲಿ ಬಿಡು, ಇಲ್ಲಿ ಬಂದ್ರ ಮಗ್ಗಕ್ಕ ಕುಂದರ್ತಾನ’ ಅಂದ. ನೀನ ಹೋಗಿ ತಮ್ಮಗ ಖರೆ ಹೇಳಿ ಬಾ ಅಂತ ನನಗ ಹೇಳಿದ್ದ. ನಾ ಬಾಗಲಕೋಟಿ ಬಸ್ ಸ್ಟ್ಯಾಂಡ್ ತನಾ ಹೋಗಿ ತಿರುಗಿ ಬಂದೆ. ಇವತ್ತ ಬಂದೀನಿ.”

ಶಬಾನಾ ಅಪ್ಪನ ಮುಖ ನೋಡಿದಳು. ಮಾಸ್ತರರು, “ಓದು,” ಎಂದರು. ಅವಳು ಮುಂದಕ್ಕೆ ಓದುತ್ತ ಹೋದಳು. ಬಾಗಿಲು, ಸೆರೆಮನೆ, ರಾಜನ ಕನಸಿನ ಏಳು ಹಸು, ಬರಗಾಲ. ಅಣ್ಣಂದಿರು ಯೂಸುಫನ ಗುರುತು ಹಿಡಿದು ತಲೆ ತಗ್ಗಿಸಿ ನಿಂತ ಬಲಪುಟಕ್ಕೆ ಬಂದಾಗ ಮಾಸ್ತರರು ಕೈ ಎತ್ತಿದರು.

“ಇದನ್ನ ನೀ ಬಿಡು. ನಾ ಹೇಳ್ತೀನಿ.”

ಎದ್ದು, ಮಗಳ ಹೆಗಲು ಹಿಡಿದು, ಬಾಗಿಲವರೆಗೆ ನಡೆದರು. ಯೂಸುಫ್ ಅಣ್ಣಂದಿರಿಗೆ ಆಡಿದ ಮಾತನ್ನು ಮೊದಲು ಅರಬ್ಬಿಯಲ್ಲಿ ಹೇಳಿದರು. ಆಮೇಲೆ ಪುಸ್ತಕದ ಕನ್ನಡ ಬಿಟ್ಟು ತಮ್ಮ ಕನ್ನಡದಲ್ಲಿ: “ಇವತ್ತ ನಿಮ್ಮ ಮ್ಯಾಲೆ ಯಾವ ದೂರೂ ಇಲ್ಲ.”

ಹುಸೇನಸಾಬರು ತಮ್ಮನ ಕೈ ಹಿಡಿದು ಮಗ್ಗುಲಲ್ಲಿ ಕೂಡಿಸಿಕೊಂಡರು. ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ, ಕೈ ಮಾತ್ರ ಬಿಡಲಿಲ್ಲ.

ಹುಡುಗಿಯರೇ, ನನ್ನ ತಪ್ಪು ಹಾಳೆಗಳಿರುವ ಒಂದು ಪ್ರತಿಯನ್ನು ಕೊಯ್ಯದೆ ಉಳಿಸಿಕೊಂಡಿದ್ದೇನೆ. ಬಂದರೆ ತೋರಿಸುತ್ತೇನೆ. ಎರಡು ಪುಟ ಬೇರೆ ಬೇರೆ ಹೇಳಿದರೆ ಅಂಚಿನಲ್ಲಿ ಒಂದು ಪ್ರಶ್ನೆ ಹಾಕಿ, ಬರೆದವರನ್ನು ಕೇಳಿ. ಬೇರೆಯಾಗಿಯೇ ಇರಬೇಕೆಂದು ಅವರು ಬಯಸಿರಬಹುದು.

ಅವತ್ತು ಊಟಕ್ಕೆ ಏಳುವ ಮುನ್ನ ಹುಸೇನಸಾಬರು ತಮ್ಮ ಪ್ರತಿಯನ್ನು ಬಿಡಿಸಿ ತೋಳದ ಪುಟದ ಬುಡಕ್ಕೆ ಹೆಬ್ಬೆರಳು ಆಡಿಸಿದರು. ನೇಕಾರರ ಬೆರಳು, ಬಿಡುತ್ತದೆಯೇ?

“ಇಲ್ಲೇನೋ ಉಬ್ಬೇತಲ್ಲ ದಸ್ತೂ?”

“ಒಂದು ತಪ್ಪಿತ್ತು. ಕೊಯ್ದು ಹೊಸಾದು ಹಚ್ಯಾರ.”

ಅವರು ಹಾಳೆಯ ತುದಿ ಹಿಡಿದು ಮೆಲ್ಲಗೆ ಎಳೆದು ನೋಡಿದರು. ನಾನು ಅವರ ಬೆರಳನ್ನೇ ನೋಡುತ್ತ ನಿಂತಿದ್ದೆ.

“ಗಟ್ಟಿ ಕೂಡೇತಿ,” ಎಂದರು.